ಒಂದು ಹನಿಯ ಹಸಿರು

ಮಣ್ಣಿನ ಸಾವಯವ ಇಂಗಾಲ ಅಳೆಯಲು ಈಗ ದುಬಾರಿ ಯಂತ್ರಗಳಿವೆ. ನನಗೆ ಮಾತ್ರ ವಾಕ್ಲಿ ಮತ್ತು ಬ್ಲ್ಯಾಕ್ 1934ರಲ್ಲಿ ಕೊಟ್ಟ ಬ್ಯುರೆಟ್ ವಿಧಾನವೇ ಅಚ್ಚುಮೆಚ್ಚು.

ನುಣ್ಣಗೆ ಜರಡಿ ಹಿಡಿದ 1 ಗ್ರಾಂ ಮಣ್ಣಿಗೆ 10 ಮಿ.ಲೀ. ಡೈಕ್ರೋಮೇಟ್, 20 ಮಿ.ಲೀ. ಗಂಧಕಾಮ್ಲ. ಹೊರಗಿನ ಬೆಂಕಿ ಬೇಡ, ಆಮ್ಲದ ಬಿಸಿಯೇ ಸಾಕು. ಅರ್ಧ ಗಂಟೆಯಲ್ಲಿ ಇಂಗಾಲ ಉತ್ಕರ್ಷಣಗೊಳ್ಳುತ್ತದೆ. ಆಗಲೇ ದ್ರಾವಣ ಪೂರ್ತಿ ಹಸಿರಾದರೆ ಡೈಕ್ರೋಮೇಟ್ ಮುಗಿದಿದೆ ಎಂದರ್ಥ. ಕಡಿಮೆ ಮಣ್ಣು ತೂಗಿ ಮೊದಲಿನಿಂದ ಶುರುಮಾಡಬೇಕು.

ಇಲ್ಲಿ ಇಂಗಾಲವನ್ನು ಯಾರೂ ನೇರವಾಗಿ ಅಳೆಯುವುದಿಲ್ಲ. ಉಳಿದ ಡೈಕ್ರೋಮೇಟನ್ನು ಫೆರಸ್ ದ್ರಾವಣದಿಂದ ಅಳೆದು, ಖರ್ಚಾದದ್ದನ್ನು ಲೆಕ್ಕ ಹಾಕುತ್ತೇವೆ. ನೀರು, ಫಾಸ್ಫಾರಿಕ್ ಆಮ್ಲ, ಡೈಫಿನೈಲಮೀನ್ ಸೂಚಕ ಬೆರೆಸಿ ಬ್ಯುರೆಟ್ ಬಿಡುತ್ತಾ ಹೋದರೆ ಕಪ್ಪುನೇರಳೆ ಬಣ್ಣ ಕಲಕಿದ ನೀಲಿಯಾಗುತ್ತದೆ. ಉಸಿರು ಬಿಗಿಹಿಡಿಯುವ ಹೊತ್ತು ಅದು. ಇನ್ನೊಂದೇ ಹನಿಗೆ ಫಕ್ಕನೆ ಹೊಳೆಯುವ ಹಸಿರು!

ಮಣ್ಣಿಲ್ಲದ ಖಾಲಿ ಫ್ಲಾಸ್ಕ್‌ಗೆ 0.5 ನಾರ್ಮಲ್ ಫೆರಸ್ 20 ಮಿ.ಲೀ. ಹಿಡಿದು, ಮಣ್ಣಿನದಕ್ಕೆ 16.8 ಹಿಡಿಯಿತೆನ್ನಿ. ವ್ಯತ್ಯಾಸ 3.2. ಅದನ್ನು 0.5ರಿಂದಲೂ 0.003ರಿಂದಲೂ ಗುಣಿಸಿ, ನೂರು ಗ್ರಾಂಗೆ ಏರಿಸಿದರೆ ಶೇ 0.48.

ಆದರೆ ಈ ವಿಧಾನಕ್ಕೆ ಸಿಗುವುದು ಸರಾಸರಿ ಶೇ 77ರಷ್ಟು ಇಂಗಾಲ ಮಾತ್ರ. ಅದಕ್ಕಾಗಿ 1.3ರಿಂದ ಗುಣಿಸಿದರೆ 0.62. ನಮ್ಮಲ್ಲಿ 0.5ಕ್ಕಿಂತ ಕಡಿಮೆಯಿದ್ದರೆ ‘ಕಡಿಮೆ’, 0.75ರವರೆಗೆ ‘ಮಧ್ಯಮ’. ಅದೇ ಮಣ್ಣು, ಎರಡು ತೀರ್ಪು. ವರದಿ ಕೈಗೆ ಬಂದಾಗ 1.3 ಸೇರಿದೆಯೇ ಎಂದು ಕೇಳಿ.