ಬೇಡ ಎಂದವರ ಲೆಕ್ಕ

ಯೂಟ್ಯೂಬಿನ ಶಿಫಾರಸುಗಳ ಮೇಲೆ ಸಿಟ್ಟಾದವರೆಲ್ಲ ಮೊಜಿಲ್ಲಾ ಪ್ರತಿಷ್ಠಾನದ 2022ರ ವರದಿಯನ್ನು ಮುಂದಿಡುತ್ತಾರೆ. ಈ ಗುಂಡಿ ಕೆಲಸ ಮಾಡುತ್ತದೆಯೇ ಎಂಬುದೇ ಅದರ ಹೆಸರು. ‘ಇಲ್ಲ’ ಎಂಬ ಉತ್ತರವನ್ನಷ್ಟೇ ಹೊತ್ತುಕೊಂಡು ತಿರುಗುವವರು ಅದರ ಒಳಗಿನ ಲೆಕ್ಕ ನೋಡಿದಂತಿಲ್ಲ. ವರದಿ ಒಳ್ಳೆಯದೇ; ಅದಕ್ಕೆ ಹೆಸರು ಬಂದದ್ದು ಮಾತ್ರ ತಪ್ಪು ಕಾರಣಕ್ಕೆ.

ಸುಮಾರು 22 ಸಾವಿರ ಸ್ವಯಂಸೇವಕರ ಬ್ರೌಸರ್‌ಗಳಲ್ಲಿ ‘ಶಿಫಾರಸು ನಿಲ್ಲಿಸಿ’ ಎಂಬ ಒಂದೇ ಗುಂಡಿ ಇಟ್ಟಿದ್ದರು. ಒತ್ತಿದಾಗ ಒಂದು ಗುಂಪಿನಿಂದ ಡಿಸ್‌ಲೈಕ್ ಹೋಗುತ್ತಿತ್ತು, ಇನ್ನೊಂದರಿಂದ ‘ಆಸಕ್ತಿ ಇಲ್ಲ’, ಮತ್ತೊಂದರಿಂದ ‘ಈ ಚಾನೆಲ್ ಶಿಫಾರಸು ಮಾಡಬೇಡಿ’. ಹೋಲಿಕೆಗೆಂದು ಇಟ್ಟ ಗುಂಪಿನಿಂದ ಏನೂ ಹೋಗುತ್ತಿರಲಿಲ್ಲ. ಬೇಡವೆಂದ ವಿಡಿಯೊವನ್ನೇ ಹೋಲುವ ಶಿಫಾರಸುಗಳು ಈ ಕೊನೆಯ ಗುಂಪಿಗೆ 100 ಬಂದವು ಎಂದಿಟ್ಟುಕೊಳ್ಳಿ. ಡಿಸ್‌ಲೈಕ್ ಒತ್ತಿದವರಿಗೆ 88 ಬಂದವು, ‘ಆಸಕ್ತಿ ಇಲ್ಲ’ ಎಂದವರಿಗೆ 89, ಚಾನೆಲನ್ನೇ ಬೇಡವೆಂದವರಿಗೆ 57. ಎಲ್ಲರೂ ಹಿಡಿದುಕೊಂಡಿರುವುದು ಮೊದಲೆರಡನ್ನು. ಯೋಚಿಸಬೇಕಾದದ್ದು ಮೂರನೆಯದನ್ನು. ಚಾನೆಲಿಗೇ ಬಾಗಿಲು ಹಾಕಿದ ಮೇಲೂ ಅರ್ಧಕ್ಕಿಂತ ಹೆಚ್ಚು ಸರಕು ಬಂದಿತೆಂದರೆ, ಅದೇ ಬಗೆಯದು ಬೇರೆ ಚಾನೆಲ್‌ಗಳಿಂದಲೂ ಬರುತ್ತಿದ್ದಿರಬೇಕು.

ಒಬ್ಬರು ರಾಶಿಭವಿಷ್ಯದ ವಿಡಿಯೊ ಒಂದಕ್ಕೆ ‘ಆಸಕ್ತಿ ಇಲ್ಲ’ ಒತ್ತಿದರೆನ್ನಿ. ಬೇಡವಾದದ್ದು ಜ್ಯೋತಿಷ್ಯವೋ, ಆ ಜ್ಯೋತಿಷಿಯೋ, ಭಯ ಹುಟ್ಟಿಸುವ ಶೀರ್ಷಿಕೆಯೋ? ಕಾರಣ ಹೇಳಿ ಎಂದು ಯೂಟ್ಯೂಬ್ ಕೇಳುವುದುಂಟು. ಕೊಡುವ ಆಯ್ಕೆ ಎರಡೇ: ಈಗಾಗಲೇ ನೋಡಿದ್ದೇನೆ, ಇಷ್ಟವಾಗಲಿಲ್ಲ. ಇಷ್ಟಪಟ್ಟು ನೋಡಿ ಮುಗಿಸಿದವರೂ ಬೇಸತ್ತವರೂ ಒತ್ತುವುದು ಒಂದೇ ಗುಂಡಿ. ಕಾರಣ ಹೇಳದೆ ಮುಂದೆ ಹೋದರೆ ಇಬ್ಬರೂ ಒಂದೇ ಲೆಕ್ಕಕ್ಕೆ ಸೇರುತ್ತಾರೆ. ಇಂಥ ಮಸುಕು ಸಂಕೇತವನ್ನು ನೆಚ್ಚಿ ಇಡೀ ವಿಷಯವನ್ನು ಅಳಿಸಿದರೆ ತಪ್ಪಾದೀತು. ವಿಷಯಗಳನ್ನೇ ಸೋಸಿಬಿಟ್ಟರೆ ನೋಡುಗರು ತಮ್ಮದೇ ಅಭಿಪ್ರಾಯದೊಳಗೆ ಬಂದಿಯಾಗುತ್ತಾರೆಂದು ಕಂಪನಿ ಸಮರ್ಥಿಸಿಕೊಂಡಿತು. ಮಾತು ಪೂರ್ತಿ ಸುಳ್ಳಲ್ಲ, ಆದರೆ ಅನುಕೂಲದ ಮಾತು. ‘ಈ ವಿಷಯ ಬೇಡ’ ಎಂಬ ಮೂರನೆಯ ಆಯ್ಕೆ ಇಡುವುದಕ್ಕೆ ಅದೇನೂ ಅಡ್ಡಿಯಲ್ಲ. ಸೋಸುವುದು ಬಿಡುವುದು ಆಗ ನೋಡುಗರ ಇಚ್ಛೆಯಾಗುತ್ತಿತ್ತು.

2021ರ ನವೆಂಬರಿನಲ್ಲಿ ಡಿಸ್‌ಲೈಕ್ ಸಂಖ್ಯೆಯನ್ನು ಮರೆಮಾಡಿದ್ದಕ್ಕೆ ಇನ್ನೂ ಗೋಳಾಡುವ ವಿಮರ್ಶಕರಿದ್ದಾರೆ. ಯೂಟ್ಯೂಬಿನದೇ 2018ರ ‘ರಿವೈಂಡ್’ ವಿಡಿಯೊಗೆ ಬಿದ್ದ ಕೋಟಿಗೂ ಮೀರಿದ ಡಿಸ್‌ಲೈಕು ಇವರಿಗೆ ಸುವರ್ಣಯುಗದ ನೆನಪು. ಅದು ಬಹಿರಂಗ ಛೀಮಾರಿ. ನನ್ನ ಪರದೆಗೆ ಇದು ಬೇಡ ಎನ್ನುವುದು ಬೇರೆಯೇ ಮಾತು. ಎರಡನ್ನೂ ಬೆರೆಸಿ ಜಗಳಕ್ಕೆ ನಿಂತ ಕಾರಣ ಇನ್ನೊಂದು ಸಂಗತಿ ಇವರ ಕಣ್ಣಿಗೆ ಬಿದ್ದಿಲ್ಲ: ಡಿಸ್‌ಲೈಕ್ ಎಷ್ಟೆಂದು ವಿಡಿಯೊ ಮಾಡಿದವರಿಗೆ ಯೂಟ್ಯೂಬ್ ಸ್ಟುಡಿಯೊದಲ್ಲಿ ಈಗಲೂ ಕಾಣುತ್ತದೆ, ‘ಆಸಕ್ತಿ ಇಲ್ಲ’ ಎಂದವರ, ಚಾನೆಲನ್ನೇ ದೂರವಿಟ್ಟವರ ಲೆಕ್ಕ ಕಾಣುವುದಿಲ್ಲ. ಜಗಳ ಆಡಬೇಕಾದದ್ದು ಈ ಲೆಕ್ಕಕ್ಕಾಗಿ.