ಆದ್ಯತೆ ಇರುವುದು ಯಾರ ಮುಂದೆ?

ಪ್ರಿಫರೆನ್ಸ್ ಷೇರು ಕೊಂಡವರಲ್ಲಿ ಹಲವರು ಅದನ್ನು ಬಡ್ಡಿ ಬರುವ ಠೇವಣಿಯೆಂದೇ ನಂಬಿರುತ್ತಾರೆ. ನಿಗದಿತ ದರದ ಡಿವಿಡೆಂಡ್, ಹಣ ಮರಳುವ ದಿನಾಂಕ ಎರಡೂ ಅದರಲ್ಲಿರುವುದರಿಂದ ಹಾಗನ್ನಿಸುವುದು ಸಹಜ. ಆ ನಂಬಿಕೆ ಎಷ್ಟು ದುಬಾರಿ ಎಂಬುದನ್ನು 2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪೊಂದು ತೋರಿಸಿತು.

ಇಪಿಸಿ ಕನ್‌ಸ್ಟ್ರಕ್ಷನ್ಸ್ ಕಂಪನಿಗೆ ಮ್ಯಾಟಿಕ್ಸ್ ಎಂಬ ರಸಗೊಬ್ಬರ ಕಂಪನಿಯಿಂದ ಕಾಮಗಾರಿಯ ಬಾಕಿ ಬರಬೇಕಿತ್ತು. ಅದರಲ್ಲಿ 250 ಕೋಟಿ ರೂಪಾಯಿಯ ಬದಲಿಗೆ ಅದು ಶೇ 8ರ ಸಂಚಿತ ಪ್ರಿಫರೆನ್ಸ್ ಷೇರುಗಳನ್ನು ಒಪ್ಪಿಕೊಂಡಿತು. ಮೂರು ವರ್ಷದ ಅವಧಿ ಮುಗಿದರೂ ಹಣ ಬರಲಿಲ್ಲ. ಇಪಿಸಿ ತಾನೇ ದಿವಾಳಿ ಪ್ರಕ್ರಿಯೆಯಲ್ಲಿತ್ತು; ಅದರ ಪರವಾಗಿ ಮ್ಯಾಟಿಕ್ಸ್ ವಿರುದ್ಧ ಸಾಲಗಾರನ ಮೇಲೆ ಹೂಡುವಂಥ ದಿವಾಳಿ ಅರ್ಜಿ ಸಲ್ಲಿಕೆಯಾಯಿತು. ಕೋರ್ಟು ಅದನ್ನು ಒಪ್ಪಲಿಲ್ಲ. ಬಾಕಿ ಷೇರಾದ ಗಳಿಗೆಯಲ್ಲೇ ಸಾಲ ತೀರಿಹೋಗಿದೆ, ಷೇರುದಾರ ಸಾಲ ಕೊಟ್ಟವನಲ್ಲ ಎಂದಿತು.

ಕಠಿಣವಾದರೂ ಇದು ಸರಿಯಾದ ತೀರ್ಪು. ಕಂಪನಿ ಕಾಯ್ದೆಯ 55ನೇ ಕಲಮಿನಂತೆ ಈ ಷೇರಿನ ಹಣವನ್ನು ಡಿವಿಡೆಂಡ್ ಕೊಡಬಹುದಾದ ಲಾಭದಿಂದ ಇಲ್ಲವೇ ಅದಕ್ಕೆಂದೇ ಹೊರಡಿಸಿದ ಹೊಸ ಷೇರಿನ ಹಣದಿಂದ ಮಾತ್ರ ಮರಳಿಸಬಹುದು. ಮ್ಯಾಟಿಕ್ಸ್ ಬಳಿ ಎರಡೂ ಇರಲಿಲ್ಲ. ಡಿವಿಡೆಂಡಿನ ಪಾಡೂ ಅಷ್ಟೇ: ಲಾಭವಿಲ್ಲದ ವರ್ಷ ಕೊಡಬೇಕಾಗಿಲ್ಲ. ಷೇರು ಸಂಚಿತವಾಗಿದ್ದರೆ 250 ಕೋಟಿಗೆ ವರ್ಷಕ್ಕೆ 20 ಕೋಟಿಯಂತೆ ಹಿಂಬಾಕಿ ಬೆಳೆಯುತ್ತದೆ, ಅದು ತೀರುವ ತನಕ ಈಕ್ವಿಟಿದಾರರಿಗೆ ಬಿಡಿಗಾಸೂ ಸಲ್ಲುವುದಿಲ್ಲ. ಎರಡು ವರ್ಷ ಡಿವಿಡೆಂಡ್ ತಪ್ಪಿದರೆ ಎಲ್ಲ ನಿರ್ಣಯಗಳಲ್ಲೂ ಮತ ಹಾಕುವ ಹಕ್ಕು ಸಿಗುತ್ತದೆ. ಇದು ತಕ್ಕಮಟ್ಟಿನ ಅಸ್ತ್ರವೇ, ಆದರೆ ಖಾಲಿ ಬೊಕ್ಕಸದಿಂದ ಹಣ ತರಲಾರದು.

ಆಸ್ತಿಯ ಮೇಲಿನ ಹಕ್ಕು ಇನ್ನೂ ತೆಳು. ದಿವಾಳಿ ಸಂಹಿತೆಯ 53ನೇ ಕಲಮಿನ ಸಾಲಿನಲ್ಲಿ ಕಾರ್ಮಿಕರು, ಬ್ಯಾಂಕುಗಳು, ಸರ್ಕಾರ, ಉಳಿದ ಸಾಲ ಕೊಟ್ಟವರು ಎಲ್ಲರೂ ಮುಂದಿದ್ದಾರೆ. ಪ್ರಿಫರೆನ್ಸ್ ಷೇರುದಾರರ ಹಿಂದೆ ನಿಂತಿರುವವರು ಈಕ್ವಿಟಿದಾರರು ಮಾತ್ರ. ಒಂದು ಕಂಪನಿಯ ಸಾಲ 90 ಕೋಟಿ, ಪ್ರಿಫರೆನ್ಸ್ ಬಂಡವಾಳ 15 ಕೋಟಿ ಎಂದುಕೊಳ್ಳಿ. ಆಸ್ತಿ ಮಾರಿ ಎಲ್ಲ ಖರ್ಚು ಕಳೆದು 100 ಕೋಟಿ ಉಳಿದರೆ ಪ್ರಿಫರೆನ್ಸ್‌ಗೆ 10 ಕೋಟಿ, ಈಕ್ವಿಟಿಗೆ ಸೊನ್ನೆ. 200 ಕೋಟಿ ಉಳಿದರೆ, ಹಿಂಬಾಕಿ ಇಲ್ಲದಿದ್ದಲ್ಲಿ, ಸಾಮಾನ್ಯವಾಗಿ ಪ್ರಿಫರೆನ್ಸ್‌ಗೆ 15 ಕೋಟಿ ಮಾತ್ರ. ಮಿಕ್ಕ 95 ಕೋಟಿಯೂ ಈಕ್ವಿಟಿಗೆ.

ನಷ್ಟದಲ್ಲಿ ಈಕ್ವಿಟಿಯ ನೆರೆಮನೆ, ಲಾಭದಲ್ಲಿ ಠೇವಣಿಯ ಮಿತಿ: ಈ ಷೇರಿನ ನಿಜವಾದ ದೋಷ ಇದು. ಡಿವಿಡೆಂಡ್ ಕೊಡುವ ಅಭ್ಯಾಸ, ಕೈಯಲ್ಲಿ ವಿತರಣೆಗೆ ಸಿಗುವ ಲಾಭ ಎರಡೂ ಇರುವ ಕಂಪನಿಯಲ್ಲಿ ಅದನ್ನು ಹೊಂದುವುದಕ್ಕೆ ಅರ್ಥವಿದೆ. ಬರಬೇಕಾದ ಬಾಕಿಗೆ ಬದಲಾಗಿ, ಅದೂ ಹಣಕ್ಕೆ ಪರದಾಡುವ ಕಂಪನಿ ಕೊಟ್ಟರೆ, ಒಪ್ಪಬೇಡಿ.