ಆಫರ್ ಲೆಟರ್‌ನ ಕೊನೆಯ ಪುಟ

ಬೆಂಗಳೂರಿನ ಖಾಸಗಿ ಕಂಪನಿಗಳ ಆಫರ್ ಲೆಟರ್‌ಗಳಲ್ಲಿ ಜನ ನಿಜಕ್ಕೂ ಓದುವುದು ಕೊನೆಗೆ ಲಗತ್ತಿಸಿದ ಸಂಬಳದ ಪಟ್ಟಿಯನ್ನು. ಅದರಲ್ಲೂ ಕಣ್ಣು ಹೋಗುವುದು ದಪ್ಪ ಅಕ್ಷರದ ಅಡಿಸಾಲಿಗೆ: ಸಿಟಿಸಿ ಇಷ್ಟು ಲಕ್ಷ. ಎರಡು ಕಂಪನಿಗಳ ಆಫರ್ ಒಟ್ಟಿಗೆ ಬಂದರೆ ಆ ಎರಡು ಅಡಿಸಾಲುಗಳನ್ನು ಅಕ್ಕಪಕ್ಕ ಇಟ್ಟು ದೊಡ್ಡದನ್ನು ಆರಿಸಿಕೊಳ್ಳುವುದು ರೂಢಿ. ಈ ಪಟ್ಟಿಯನ್ನು ಒಂದು ಬರಹದಂತೆ ವಿಮರ್ಶೆಗೆ ಒಡ್ಡಿದರೆ ನನ್ನ ಮೊದಲ ಆಕ್ಷೇಪ ಇಷ್ಟೇ: ಅದರ ಯಾವ ಸಾಲೂ ಸುಳ್ಳಲ್ಲ, ಆದರೆ ಕೂಡಿಸಬಾರದವನ್ನು ಕೂಡಿಸಿದ ಮೊತ್ತ ದಾರಿ ತಪ್ಪಿಸುತ್ತದೆ.

ಅದರಲ್ಲಿ ಮೂರು ಬಗೆಯ ಹಣ ಒಂದೇ ಸಾಲಿನಲ್ಲಿ ನಿಂತಿರುತ್ತದೆ. ಪ್ರತಿ ತಿಂಗಳು ಬ್ಯಾಂಕ್ ಖಾತೆಗೆ ಬರುವುದು ಒಂದು. ನಿಮ್ಮದೇ ಆದರೂ ಈಗ ಮುಟ್ಟಲಾಗದ ಪಿಎಫ್, ಎನ್‌ಪಿಎಸ್ ಹಣ ಇನ್ನೊಂದು. ಬಂದರೂ ಬರಬಹುದು, ಬರದೆಯೂ ಇರಬಹುದಾದ ವೇರಿಯಬಲ್ ಪೇ ಮತ್ತು ಗ್ರಾಚ್ಯುಟಿ ಮೂರನೆಯದು. ಗ್ರಾಚ್ಯುಟಿ ಎಂದು ಬೇಸಿಕ್‌ನ ಶೇ 4.81ರಷ್ಟು ತೋರಿಸಿರುತ್ತಾರೆ, ವರ್ಷಕ್ಕೆ ಹದಿನೈದು ದಿನದ ಸಂಬಳ, ತಿಂಗಳಿಗೆ 26 ದಿನ ಎಂಬ ಕಾನೂನಿನ ಲೆಕ್ಕದಿಂದ ಹುಟ್ಟಿದ ಅಂಕಿ ಅದು. ಕಾಯಂ ನೌಕರನಿಗೆ ಅದು ಸಿಗುವುದು ಸಾಮಾನ್ಯವಾಗಿ ಐದು ವರ್ಷದ ಸತತ ಸೇವೆಯ ನಂತರ. ಎರಡು ಮೂರು ವರ್ಷಕ್ಕೆ ಕಂಪನಿ ಬದಲಿಸುವ ಊರಿನಲ್ಲಿ ಅದನ್ನು ಸಂಬಳವೆಂದು ಎಣಿಸುವುದು ಕಂಪನಿಗೆ ಅನುಕೂಲವೇ ಹೊರತು ನೌಕರನಿಗಲ್ಲ.

ಎರಡನೇ ಆಕ್ಷೇಪ ಇನ್ನೂ ಗಂಭೀರವಾದುದು. ಎಚ್‌ಆರ್‌ಎ, ಎಲ್‌ಟಿಎ, ಊಟದ ಕೂಪನ್ ಎಂದು ಸಂಬಳವನ್ನು ತುಂಡು ತುಂಡು ಮಾಡುವ ಪದ್ಧತಿ ಬೆಳೆದದ್ದು ಆ ಒಂದೊಂದು ತುಂಡಿಗೂ ತೆರಿಗೆ ವಿನಾಯಿತಿ ಇದ್ದ ಕಾಲದಲ್ಲಿ. ಈಗ ನೀವು ಏನನ್ನೂ ಹೇಳದಿದ್ದರೆ ಕಂಪನಿ ನಿಮ್ಮನ್ನು ಹೊಸ ತೆರಿಗೆ ಪದ್ಧತಿಗೆ ಸೇರಿಸಿ ಟಿಡಿಎಸ್ ಕಡಿಯುತ್ತದೆ. 2023-24ರಿಂದ ಅದೇ ಮೂಲ ಆಯ್ಕೆ. ಹೊಸ ಪದ್ಧತಿಯಲ್ಲಿ ಎಚ್‌ಆರ್‌ಎಗೆ ವಿನಾಯಿತಿ ಇಲ್ಲ, ಎಲ್‌ಟಿಎಗೂ ಇಲ್ಲ, 2025-26ರ ನಿಯಮದಲ್ಲಿ ಕೂಪನ್‌ಗೂ ಇರಲಿಲ್ಲ. ಎಚ್‌ಆರ್‌ಎ ಎಂದು ಬರೆದರೂ ಸ್ಪೆಷಲ್ ಅಲೋವೆನ್ಸ್ ಎಂದು ಬರೆದರೂ ತೆರಿಗೆ ಒಂದೇ. ಆದರೂ ಪಟ್ಟಿ ಹಳೇ ವೇಷದಲ್ಲೇ ಬರುತ್ತದೆ, ಎಚ್‌ಆರ್‌ನವರು ಅದನ್ನು ತೆರಿಗೆ ಉಳಿಸುವ ರಚನೆ ಎಂದೇ ವರ್ಣಿಸುತ್ತಾರೆ. ಹೊಸ ಪದ್ಧತಿಯವರಿಗೆ ಅದರಲ್ಲಿ ಮುಖ್ಯವಾಗಿ ನೋಡಬೇಕಾದ ಸಾಲು ಬೇಸಿಕ್. ಪಿಎಫ್, ಗ್ರಾಚ್ಯುಟಿ, ಕಂಪನಿ ಕಟ್ಟುವ ಎನ್‌ಪಿಎಸ್ ಎಲ್ಲವೂ ಅದನ್ನೇ ಹಿಡಿದು ನಡೆಯುತ್ತವೆ.

ಒಂದು ಉದಾಹರಣೆ ಬಿಡಿಸೋಣ. ಅಂಕಿಗಳು ನಾನು ಕಟ್ಟಿಕೊಂಡವು, ನಿಯಮಗಳು 2025-26ನೇ ಹಣಕಾಸು ವರ್ಷದವು. ಮೊದಲ ಕಂಪನಿಯ ಸಿಟಿಸಿ 20 ಲಕ್ಷ. ಬೇಸಿಕ್ 8 ಲಕ್ಷ, ಎಚ್‌ಆರ್‌ಎ 3.2 ಲಕ್ಷ, ಕಂಪನಿಯ ಪಾಲಿನ ಪಿಎಫ್ 96 ಸಾವಿರ, ಗ್ರಾಚ್ಯುಟಿ 38 ಸಾವಿರ ಚಿಲ್ಲರೆ, ಗುಂಪು ವಿಮೆಯ ಕಂತು 20 ಸಾವಿರ, ವೇರಿಯಬಲ್ 2 ಲಕ್ಷ, ಉಳಿದದ್ದು ಸ್ಪೆಷಲ್ ಅಲೋವೆನ್ಸ್. ಎರಡನೆಯದರ ಸಿಟಿಸಿ 18.5 ಲಕ್ಷ. ಬೇಸಿಕ್ 9.25 ಲಕ್ಷ; ಪಿಎಫ್ ತಿಂಗಳಿಗೆ 1,800 ರೂಪಾಯಿಗೆ ಮಿತಿ; ಬೇಸಿಕ್‌ನ ಶೇ 14ರಷ್ಟು, ಅಂದರೆ 1,29,500 ರೂಪಾಯಿ ಎನ್‌ಪಿಎಸ್‌ಗೆ. ವೇರಿಯಬಲ್ ಇಲ್ಲ, ಗ್ರಾಚ್ಯುಟಿ, ವಿಮೆ ಸಿಟಿಸಿಯ ಹೊರಗೆ.

ಮೊದಲನೆಯದರಲ್ಲಿ ಖಚಿತವಾಗಿ ಬರುವ ಸಂಬಳ ವರ್ಷಕ್ಕೆ 16,45,520. ಹೊಸ ಪದ್ಧತಿಯ 75 ಸಾವಿರ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು, ಮೊದಲ 4 ಲಕ್ಷ ಬಿಟ್ಟು, ಮುಂದಿನ ಒಂದೊಂದು 4 ಲಕ್ಷಕ್ಕೆ ಶೇ 5, 10, 15 ಎಂದು ಏರುತ್ತ ಹೋದರೆ ಸೆಸ್ ಸೇರಿ ತೆರಿಗೆ ಸುಮಾರು 1,20,200. ನೌಕರನ ಪಾಲಿನ ಪಿಎಫ್ 96 ಸಾವಿರ, ಕರ್ನಾಟಕದ ವೃತ್ತಿ ತೆರಿಗೆ 2,500 ಕಳೆದರೆ ಕೈಗೆ ತಿಂಗಳಿಗೆ 1,18,900. ಎರಡನೆಯದರಲ್ಲಿ ಖಚಿತ ಸಂಬಳ 16,98,900, ತೆರಿಗೆ ಸುಮಾರು 1,29,800, ಕೈಗೆ ತಿಂಗಳಿಗೆ 1,28,750. ಸಿಟಿಸಿಯಲ್ಲಿ ಒಂದೂವರೆ ಲಕ್ಷ ಕಡಿಮೆ ಇರುವ ಆಫರ್ ತಿಂಗಳಿಗೆ ಹತ್ತಿರ ಹತ್ತಿರ 9,850 ರೂಪಾಯಿ ಹೆಚ್ಚು ಕೊಡುತ್ತಿದೆ.

ಪಿಎಫ್ ಕೂಡ ನಮ್ಮದೇ ದುಡ್ಡಲ್ಲವೇ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಮೊದಲ ಕಂಪನಿಯಲ್ಲಿ ಎರಡೂ ಪಾಲು ಸೇರಿ ವರ್ಷಕ್ಕೆ 1,92,000 ಪಿಎಫ್‌ಗೆ ಹೋಗುತ್ತದೆ. ಎರಡನೆಯದರಲ್ಲಿ ಪಿಎಫ್, ಎನ್‌ಪಿಎಸ್ ಸೇರಿ 1,72,700. ವ್ಯತ್ಯಾಸ 19 ಸಾವಿರ ಚಿಲ್ಲರೆ ಮಾತ್ರ. ಹಾಗಾಗಿ ಪೈಪೋಟಿ ಇರುವುದು ಆ 2 ಲಕ್ಷದ ವೇರಿಯಬಲ್‌ನಲ್ಲಿ. ಅದು ಪೂರ್ತಿ ಬಂದರೂ ಸುಮಾರು 40 ಸಾವಿರ ತೆರಿಗೆಗೆ ಹೋಗಿ ಕೈಗೆ ಬರುವುದು 1.6 ಲಕ್ಷ, ಆಗ ಮೊದಲ ಆಫರ್ ವರ್ಷಕ್ಕೆ 61 ಸಾವಿರದಷ್ಟು ಮುಂದೆ. ಅರ್ಧ ಬಂದರೆ ಎರಡನೆಯದೇ 18 ಸಾವಿರ ಮುಂದೆ. ಶೇ 61ರ ಆಸುಪಾಸಿನಲ್ಲಿ ಎರಡೂ ಸಮ. ಇಡೀ ಹೋಲಿಕೆ ಹೀಗೆ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ: ಆ ಕಂಪನಿಯ ಆ ತಂಡದಲ್ಲಿ ಕಳೆದ ಎರಡು ವರ್ಷ ವೇರಿಯಬಲ್ ಶೇಕಡ ಎಷ್ಟು ಬಂದಿದೆ? ಪಟ್ಟಿಯಲ್ಲಿ ಇದಕ್ಕೆ ಉತ್ತರವಿರುವುದಿಲ್ಲ.

ಇನ್ನು ಹಳೇ ಪದ್ಧತಿ. ಮೊದಲ ಆಫರ್ ಹಿಡಿದವರು ತಿಂಗಳಿಗೆ 30 ಸಾವಿರ ಬಾಡಿಗೆ ಕೊಡುತ್ತಾರೆಂದು ಇಟ್ಟುಕೊಳ್ಳಿ. ಎಚ್‌ಆರ್‌ಎ ವಿನಾಯಿತಿಗೆ ಮೂರು ಅಂಕಿ ನೋಡಬೇಕು: ಬಂದ ಎಚ್‌ಆರ್‌ಎ, ಬೇಸಿಕ್‌ನ ಶೇ 40, ಕೊಟ್ಟ ಬಾಡಿಗೆಯಲ್ಲಿ ಬೇಸಿಕ್‌ನ ಶೇ 10 ಕಳೆದದ್ದು. ಇವುಗಳಲ್ಲಿ ಯಾವುದು ಕಡಿಮೆಯೋ ಅದು. (ದೆಹಲಿ, ಮುಂಬಯಿ, ಕೋಲ್ಕತ್ತ, ಚೆನ್ನೈನವರಿಗೆ ಶೇ 50. ಬಾಡಿಗೆಯಲ್ಲಿ ಅವರಿಗೇನೂ ಕಡಿಮೆಯಿಲ್ಲದ ಬೆಂಗಳೂರನ್ನು 1962ರ ನಿಯಮಾವಳಿ 2025-26ರ ಲೆಕ್ಕಕ್ಕೂ ಸಣ್ಣ ಊರುಗಳ ಸಾಲಿನಲ್ಲೇ ಕೂರಿಸಿತ್ತು.) ನಮ್ಮ ಉದಾಹರಣೆಯಲ್ಲಿ ಕಡಿಮೆ ಅಂಕಿ 2,80,000. ಜೊತೆಗೆ 80ಸಿ ಅಡಿ 1.5 ಲಕ್ಷ, ಆರೋಗ್ಯ ವಿಮೆಗೆ 25 ಸಾವಿರ, ಹಳೇ ಪದ್ಧತಿಯ ಸ್ಟ್ಯಾಂಡರ್ಡ್ ಡಿಡಕ್ಷನ್ 50 ಸಾವಿರ, ವೃತ್ತಿ ತೆರಿಗೆ 2,500. ಒಟ್ಟು ಕಡಿತ 5,07,500. ಇಷ್ಟೆಲ್ಲ ರಸೀದಿ ಕೂಡಿಹಾಕಿದ ಮೇಲೂ ಖಚಿತ ಸಂಬಳದ ಮೇಲಿನ ತೆರಿಗೆ 1,60,000 ದಾಟುತ್ತದೆ. ಹೊಸ ಪದ್ಧತಿಗಿಂತ 40 ಸಾವಿರ ಹೆಚ್ಚು. ಬಾಡಿಗೆ, ಪಿಎಫ್, ವಿಮೆ ಮಾತ್ರ ಇರುವ ಇಂಥ ನೌಕರರು ಹಳೇ ಪದ್ಧತಿಯ ಮೋಹ ಬಿಡುವುದೇ ಲೇಸು.

ಈ ಸಂಬಳಕ್ಕೆ ಎರಡೂ ಪದ್ಧತಿ ಸಮವಾಗುವುದು ಒಟ್ಟು ಕಡಿತ 6.35 ಲಕ್ಷ ಮುಟ್ಟಿದಾಗ. ಅದನ್ನು ದಾಟಿಸುವುದು ಹೆಚ್ಚಾಗಿ ಗೃಹಸಾಲ. ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಸಾಲ ಮಾಡಿ ಮನೆ ಕಟ್ಟಿಸಿ, ಅಪ್ಪ ಅಮ್ಮನನ್ನು ಅಲ್ಲಿರಿಸಿ, ತಾವು ಬೆಂಗಳೂರಿನಲ್ಲಿ ಬಾಡಿಗೆಗಿರುವವರು ಬಹಳ. ಅವರಿಗೆ ಹಳೇ ಪದ್ಧತಿಯಲ್ಲಿ ಬಡ್ಡಿಯ ಬಾಬ್ತು ಇನ್ನೂ 2 ಲಕ್ಷದವರೆಗೆ ಕಡಿತ. ಆಗ ತೆರಿಗೆ 1,04,000ಕ್ಕೆ ಇಳಿದು, ಹೊಸ ಪದ್ಧತಿಗಿಂತ 16 ಸಾವಿರ ಉಳಿಯುತ್ತದೆ. ಆದರೆ ತಮಾಷೆ ನೋಡಿ: ಅದೇ ವ್ಯಕ್ತಿಗೆ 2 ಲಕ್ಷದ ವೇರಿಯಬಲ್ ಪೂರ್ತಿ ಬಂದರೆ ಉಳಿತಾಯ ಕರಗಿ ಇನ್ನೂರು ರೂಪಾಯಿಗೆ ನಿಲ್ಲುತ್ತದೆ. ಹೆಚ್ಚುವರಿ ಹಣಕ್ಕೆ ಹಳೇ ಪದ್ಧತಿಯಲ್ಲಿ ಬಹುಪಾಲು ಶೇ 30 ಬೀಳುತ್ತದೆ, ಹೊಸದರಲ್ಲಿ ಶೇ 20ಕ್ಕಿಂತ ಮೇಲೆ ಹೋಗುವುದಿಲ್ಲ. ‘ನನಗೆ ಹಳೇದೇ ಒಳ್ಳೆಯದು’ ಎಂದು ಹಿಂದಿನ ಸಂಬಳದಲ್ಲಿ ತೀರ್ಮಾನಿಸಿದವರು ಹೊಸ ಆಫರ್‌ನ ಅಂಕಿ ಹಿಡಿದು ಮತ್ತೆ ಲೆಕ್ಕ ಹಾಕಬೇಕಾದದ್ದು ಇದಕ್ಕೇ.

ಎರಡನೇ ಆಫರ್‌ನಲ್ಲಿರುವ ಎನ್‌ಪಿಎಸ್ ಹಳೇ ಪದ್ಧತಿಗೆ ಅಷ್ಟಾಗಿ ಹೊಂದುವುದಿಲ್ಲ. ಖಾಸಗಿ ನೌಕರರಿಗೆ ಶೇ 14ರ ಪೂರ್ತಿ ಕಡಿತ ಸಿಗುವುದು ಹೊಸ ಪದ್ಧತಿಯಲ್ಲಿ. ಹಳೆಯದರಲ್ಲಿ ಶೇ 10 ಮಾತ್ರ. ನಮ್ಮ ಅಂಕಿಯಲ್ಲಿ 37 ಸಾವಿರ ರೂಪಾಯಿ ಕೈಗೂ ಬಾರದೆ, ತೆರಿಗೆಗೂ ಒಳಗಾಗುತ್ತದೆ. ಪಟ್ಟಿ ಯಾವ ಪದ್ಧತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು ಎಂದು ತಿಳಿಯಲು ಈ ಒಂದು ಸಾಲು ಸಾಕು.

ವರ್ಷದ ನಡುವೆ ಕೆಲಸ ಬದಲಿಸುವವರಿಗೆ ಇನ್ನೊಂದು ಗುಂಡಿ ಇದೆ. ಅಕ್ಟೋಬರ್‌ನಲ್ಲಿ ಮೊದಲ ಕಂಪನಿ ಸೇರಿದರೆ ಮಾರ್ಚ್‌ವರೆಗೆ ಅಲ್ಲಿಂದ ಬರುವುದು ಸುಮಾರು 8.2 ಲಕ್ಷ. ಹಿಂದಿನ ಸಂಬಳದ ವಿವರವನ್ನು ಕೊಡದಿದ್ದರೆ ಹೊಸ ಕಂಪನಿಯ ಲೆಕ್ಕದಲ್ಲಿ ನಿಮ್ಮ ವರ್ಷದ ಆದಾಯ ಅಷ್ಟೇ. ಸಂಬಳ 12.75 ಲಕ್ಷದವರೆಗಿದ್ದರೆ ಹೊಸ ಪದ್ಧತಿಯಲ್ಲಿ ರಿಯಾಯಿತಿಯಿಂದಾಗಿ ತೆರಿಗೆಯೇ ಇಲ್ಲ. ಹಾಗಾಗಿ ಟಿಡಿಎಸ್ ಸೊನ್ನೆ. ಕೈಗೆ ತಿಂಗಳಿಗೆ ಹತ್ತು ಸಾವಿರ ಹೆಚ್ಚು ಬರುತ್ತಿರುವುದನ್ನು ಹೊಸ ಕಂಪನಿಯ ಔದಾರ್ಯವೆಂದು ಭಾವಿಸಿದವರಿಗೆ ಜುಲೈನಲ್ಲಿ ರಿಟರ್ನ್ಸ್ ತುಂಬುವಾಗ ಎರಡೂ ಸಂಬಳ ಕೂಡಿ, ಬಾಕಿ ತೆರಿಗೆ ಬಡ್ಡಿಸಮೇತ ಎದುರಾಗುತ್ತದೆ. ಹೊಸ ಸ್ಲಿಪ್‌ನಲ್ಲಿ ತೆರಿಗೆ ಇದ್ದಕ್ಕಿದ್ದಂತೆ ಇಳಿದಿದ್ದರೆ ಸಂತೋಷಪಡುವ ಮೊದಲು ಪೇರೋಲ್‌ನವರನ್ನು ಕೇಳಿ.

ಪದ್ಧತಿಯ ಆಯ್ಕೆಯ ಬಗ್ಗೆ ಅಷ್ಟು ಆತಂಕ ಬೇಡ. ವ್ಯಾಪಾರದ ಆದಾಯವಿಲ್ಲದ ಸಂಬಳದಾರರು ಕಂಪನಿಗೆ ಒಂದನ್ನು ಹೇಳಿ ರಿಟರ್ನ್ಸ್‌ನಲ್ಲಿ ಇನ್ನೊಂದನ್ನು ಆರಿಸಬಹುದು, ಪ್ರತಿ ವರ್ಷ ಬದಲಿಸಲೂಬಹುದು. ಆದರೆ ಗಡುವು ಮೀರಿ ತುಂಬಿದರೆ ಹಳೇ ಪದ್ಧತಿಯ ಬಾಗಿಲು ಆ ವರ್ಷಕ್ಕೆ ಮುಚ್ಚಿತು. ಬಾಡಿಗೆ ವರ್ಷಕ್ಕೆ ಒಂದು ಲಕ್ಷ ಮೀರಿದರೆ ಕಂಪನಿ ಮನೆ ಮಾಲೀಕರ ಪ್ಯಾನ್ ಕೇಳುತ್ತದೆ. ಅದನ್ನು ಕೊಡಲು ಒಪ್ಪದ ಮಾಲೀಕರು ಬೆಂಗಳೂರಿನಲ್ಲಿ ಕಡಿಮೆಯಿಲ್ಲ. ಹಳೇ ಪದ್ಧತಿಯ ಲೆಕ್ಕ ಹಾಕುವ ಮೊದಲು ಅವರನ್ನು ಮಾತಾಡಿಸಿ ನೋಡಿ.

ಸಿಟಿಸಿ ಪಟ್ಟಿಯನ್ನು ಕಂಪನಿಯ ಖರ್ಚಿನ ವಿವರವೆಂದು ಓದಿದರೆ ಅದು ಸರಿಯಾದ ದಾಖಲೆ, ನೌಕರನ ಸಂಬಳದ ವಿವರವೆಂದು ಓದಿದರೆ ಅಪೂರ್ಣ. ಸಹಿ ಹಾಕುವ ಮೊದಲು ಎಚ್‌ಆರ್‌ಗೆ ಒಂದು ಮೇಲ್ ಕಳಿಸಿ: ಪಿಎಫ್ ಬೇಸಿಕ್‌ನ ಶೇ 12ರಂತೆಯೋ 1,800ಕ್ಕೆ ಮಿತಿಯೋ, ಗ್ರಾಚ್ಯುಟಿ ಸಿಟಿಸಿಯ ಒಳಗೋ ಹೊರಗೋ, ವೇರಿಯಬಲ್ ಕಳೆದ ಎರಡು ವರ್ಷ ಶೇಕಡ ಎಷ್ಟು ಬಂದಿದೆ, ಹೊಸ ಪದ್ಧತಿಯಲ್ಲಿ ತಿಂಗಳಿಗೆ ಕೈಗೆ ಎಷ್ಟು. ಉತ್ತರವನ್ನು ಬಾಯಿಮಾತಿನಲ್ಲಿ ಒಪ್ಪಿಕೊಳ್ಳಬೇಡಿ, ಬರಹದಲ್ಲೇ ಪಡೆಯಿರಿ.